"ಬ್ಲೌಸ್ ಹೊಲಿಗೆ ನಾನು ಊರು ಆಯ್ತು": ವಾಯ್ಸ್ ಟೈಪಿಂಗ್ ಮೆಸೇಜಲ್ಲಿ ಯಾವುದು ಫೋನಿನ ತಪ್ಪು ಅಂತ ಹಿಡಿಯೋದು ಹೇಗೆ

ಮೊದಲು ಈ ಮೆಸೇಜ್ ಓದಿ. ದಾವಣಗೆರೆಲಿರೋ ನಮ್ಮ ದೊಡ್ಡಮ್ಮ ಕಳಿಸಿದ್ದು, ನಾನಿರೋದು ತರೀಕೆರೆಲಿ.

"ನಾಳೆ ಬೆಳಿಗ್ಗೆ ನಿಮ್ಮ ಹತ್ತಿಗೆ ಬೇರೆ ಊರಲ್ಲಿ ಇಳಿತಾಳೆ ಕಾರ್ ತಗೊಂಡು ಹೋಗು ಎರಡು ಕೆಜಿ ಬೆಲೆ ಕೊಟ್ಟು ಕಳಿಸ್ತೀನಿ ನಿನ್ನ ಬ್ಲೌಸ್ ಹೊಲಿಗೆ ನಾನು ಊರು ಆಯ್ತು ಮೂರು ಕೂಗಿತು ಆಫ್ ಮಾಡು ದುಡ್ಡು ಎಪ್ಪತ್ತಕ್ಕೆ ಕೊಟ್ರೆ ಸಾಕು ನಾನೂ ಬರಲ್ಲ"

ದೊಡ್ಡಮ್ಮಂಗೆ ಕನ್ನಡ ಟೈಪ್ ಮಾಡೋಕೆ ಬರಲ್ಲ, ಮೈಕ್ ಒತ್ತಿ ಮಾತಾಡ್ತಾರೆ, ಬಂದಿದ್ದನ್ನ ಹಂಗೇ ಕಳಿಸ್ತಾರೆ, ಓದಿ ನೋಡೋ ಪದ್ಧತಿ ಇಲ್ಲ. ಈ ಒಂದು ಮೆಸೇಜಲ್ಲಿ ಆರು ತಪ್ಪಿದೆ, ಇನ್ನೊಂದು ಕಡೆ ತಪ್ಪೇ ಅಲ್ಲದ ಆದ್ರೆ ನನಗೆ ಸೇರದ ಮಾತಿದೆ. ಐದನ್ನ ನಾನು ಓದಿದ ಕೂಡಲೇ ಹಿಡಿದೆ, ಆರನೇದು ತಪ್ಪಿಸಿಕೊಂಡ್ತು, ಅದರಿಂದ ಮನೇಲಿ ಎರಡು ದಿನ ಮಾತಿಲ್ಲ ಕತೆಯಿಲ್ಲ. ಅದಕ್ಕೇ ಈ ಮೆಸೇಜನ್ನೇ ಮುಂದಿಟ್ಟುಕೊಂಡು ಒಂದೊಂದಾಗಿ ಬಿಡಿಸ್ತಾ ಹೋಗ್ತೀನಿ.

ಮೊದಲು ಇದು ಮಾತಾಡಿದ್ದಾ ಟೈಪ್ ಮಾಡಿದ್ದಾ ಅಂತ ಗೊತ್ತು ಮಾಡ್ಕೊಳ್ಳಿ

ಇದು ಗೊತ್ತಾಗದೆ ಮುಂದೆ ಹೋದ್ರೆ ತಪ್ಪು ದಾರಿ ಹಿಡಿತೀರ, ಯಾಕಂದ್ರೆ ಕೈಯ ತಪ್ಪಿಗೂ ಕಿವಿಯ ತಪ್ಪಿಗೂ ಔಷಧಿ ಬೇರೆ.

ಕೈಯಲ್ಲಿ ಟೈಪ್ ಮಾಡಿದ್ರೆ ಅಕ್ಷರ ಕೆಡುತ್ತೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸೋರು "ದೊಡ್ಡ" ಅನ್ನೋಕೆ "ಡೊಡ್ಡ" ಅಂತಾನೋ, "ಮಾಡ್ತೀನಿ" ಅನ್ನೋಕೆ "ಮಾದ್ತೀನಿ" ಅಂತಾನೋ ಕಳಿಸ್ತಾರೆ, ಅಂಥ ಪದ ಕನ್ನಡದಲ್ಲೇ ಇಲ್ಲ, ನೋಡಿದ ಕೂಡಲೇ ಗೊತ್ತಾಗುತ್ತೆ. ವಾಯ್ಸ್ ಟೈಪಿಂಗಲ್ಲಿ ಹಂಗೆ ಆಗೋದು ಬಲು ಅಪರೂಪ. ಅದು ಕೇಳಿಸಿದ ಸದ್ದಿಗೆ ತನಗೆ ಗೊತ್ತಿರೋ ಪದಗಳಲ್ಲಿ ಯಾವುದು ಹೊಂದುತ್ತೆ, ಪಕ್ಕದ ಪದದ ಜೊತೆ ಯಾವುದು ಸಾಮಾನ್ಯವಾಗಿ ಬರುತ್ತೆ ಅಂತ ನೋಡಿ ಒಂದನ್ನ ಆರಿಸುತ್ತೆ. ಹಂಗಾಗಿ ಹೊರಗೆ ಬರೋದೆಲ್ಲ ಸರಿಯಾದ ಒತ್ತಕ್ಷರ, ಸರಿಯಾದ ದೀರ್ಘ ಇರೋ ಅಚ್ಚುಕಟ್ಟು ಪದಗಳೇ. ಒಂದೊಂದು ಪದಾನೂ ಸರಿ, ಜೊತೆಗೆ ಓದಿದ್ರೆ ಅರ್ಥವಿಲ್ಲ, ಇದೇ ಅದರ ಗುರುತು. "ನಾನು", "ಊರು", "ಆಯ್ತು" ಮೂರೂ ಸರಿ. "ಬ್ಲೌಸ್ ಹೊಲಿಗೆ ನಾನು ಊರು ಆಯ್ತು" ಅಂದ್ರೆ ಏನು?

ಇನ್ನೊಂದು ಥರದ ತಪ್ಪಿದೆ, ಕೀಬೋರ್ಡ್ ಮೇಲೆ ತೋರಿಸೋ ಪದಗಳಲ್ಲಿ ತಪ್ಪಿದ್ದನ್ನ ಒತ್ತಿಬಿಡೋದು. ಅಲ್ಲೂ ಸರಿಯಾದ ಪದವೇ ಬರುತ್ತೆ, ಆದ್ರೆ ಅದರ ತಲೆ ಮಾತ್ರ ಹೊಂದುತ್ತೆ ಬಾಲ ಹೊಂದಲ್ಲ. "ಮಾಡು" ಅನ್ನೋ ಬದಲು "ಮಾಧ್ಯಮ" ಬಂದಿದ್ರೆ ಅದು ಬೆರಳಿನ ತಪ್ಪು, ಬಾಯಲ್ಲಿ ಹೇಳಿ ನೋಡಿ, ಎರಡೂ ಒಂದೇ ಥರ ಕೇಳಲ್ಲ. ವಾಯ್ಸ್ ತಪ್ಪಲ್ಲಿ ಪೂರ್ತಿ ಪದದ ತಾಳ ಹೊಂದುತ್ತೆ, ನಾನೂರು, ನಾನು ಊರು, ಹೇಳಿ ನೋಡಿ.

ಮಿಕ್ಕ ಗುರುತುಗಳು ಸಣ್ಣವು. ಚುಕ್ಕಿ ಇಲ್ಲ, ಪ್ರಶ್ನೆ ಚಿಹ್ನೆ ಇಲ್ಲ, ಉಸಿರುಗಟ್ಟೋ ಹಾಗೆ ಒಂದೇ ವಾಕ್ಯ. ಯಾವಾಗಲೂ ಬರೀ ಕೈಮುಗಿಯೋ ಇಮೋಜಿ ಕಳಿಸೋರು ಇದ್ದಕ್ಕಿದ್ದಂಗೆ ಹತ್ತು ಸಾಲು ಬರೆದಿದ್ರೆ ಮೈಕ್ ಒತ್ತಿದ್ದಾರೆ ಅಂತ ತಿಳ್ಕೊಳ್ಳಿ. ಮೈಕಿನ ಭಾಷೆ ಇಂಗ್ಲಿಷಲ್ಲೇ ಉಳಿದಿದ್ರಂತೂ ಕೇಳೋದೇ ಬೇಡ, "ನಾಳೆ ಬಾ" ಅಂದಿದ್ದು ಇಂಗ್ಲಿಷ್ ಅಕ್ಷರದಲ್ಲಿ ನೇಲ್ ಬಾರ್ ಅಂತ ಬಂದು ಕೂತಿರುತ್ತೆ, ಅಂಥದ್ದನ್ನ ಬಿಡಿಸೋ ಬದಲು ಫೋನ್ ಮಾಡಿ ಕೇಳೋದು ವಾಸಿ.

ಕಣ್ಣಲ್ಲಿ ಓದ್ಬೇಡಿ, ಬಾಯಲ್ಲಿ ಓದಿ

ಇದೊಂದು ಮಾಡಿದ್ರೆ ಅರ್ಧ ಕೆಲಸ ಮುಗೀತು. ಮೆಸೇಜನ್ನ ಜೋರಾಗಿ, ಬೇಗ ಬೇಗ, ಪದದ ನಡುವೆ ನಿಲ್ಲಿಸದೆ ಓದಿ, ಸಾಧ್ಯವಾದ್ರೆ ಕಳಿಸಿದವರ ಧಾಟಿಯಲ್ಲೇ. ನಾವು ಮಾತಾಡುವಾಗ ಪದಗಳ ನಡುವೆ ಜಾಗ ಬಿಡಲ್ಲ, ಸಂಧಿ ಮಾಡ್ತಾನೇ ಇರ್ತೀವಿ. ಆ ಜಾಗಾನ ಫೋನು ತಾನೇ ಊಹಿಸಿ ಹಾಕಿರುತ್ತೆ, ಎಷ್ಟೋ ಸಲ ತಪ್ಪು ಕಡೆ ಹಾಕಿರುತ್ತೆ. ಜಾಗ ತೆಗೆದು ಓದಿದ್ರೆ ಮೂಲ ಮಾತು ವಾಪಸ್ ಬರುತ್ತೆ.

"ನಿಮ್ಮ ಹತ್ತಿಗೆ" ಅನ್ನೋದನ್ನ ಅಂಟಿಸಿ ಓದಿ. ನಿಮ್ಮತ್ತಿಗೆ. ಅತ್ತಿಗೆ! ದೊಡ್ಡಮ್ಮನ ಸೊಸೆ, ಅಂದ್ರೆ ನನ್ನ ಅತ್ತಿಗೆ ಬರ್ತಿದಾರೆ. ಇಲ್ಲಿ ಒಂದು ಬಲೆ ಇದೆ ನೋಡಿ. ನಮ್ಮ ಮನೆಯವರು ಇದೇ ಮೆಸೇಜ್ ಓದಿ "ಹತ್ತಕ್ಕೆ ಇಳಿತಾಳೆ ಅಂತ ಇರಬೇಕು, ಹತ್ತು ಗಂಟೆಗೆ" ಅಂದ್ರು. ಕೇಳೋಕೆ ಸರಿಯಾಗೇ ಇದೆ, ಬೆಳಿಗ್ಗೆ ಅಂತ ಬೇರೆ ಇದೆ ಮುಂದೆ. ಆದ್ರೆ ಹಂಗೆ ತಗೊಂಡ್ರೆ "ನಿಮ್ಮ" ಅನ್ನೋದಕ್ಕೆ ಕೆಲಸ ಇಲ್ಲ, "ಇಳಿತಾಳೆ" ಅನ್ನೋ ಕ್ರಿಯಾಪದಕ್ಕೆ ಆಳಿಲ್ಲ, ಯಾರು ಇಳಿಯೋದು? ಕನ್ನಡದಲ್ಲಿ ಕ್ರಿಯಾಪದದ ಬಾಲದಲ್ಲೇ ಗಂಡಾ ಹೆಣ್ಣಾ ಒಬ್ಬರಾ ಹಲವರಾ ಅಂತ ಇರುತ್ತೆ, ತಪ್ಪು ಹುಡುಕುವಾಗ ಇದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ. ಬಾಲ "ತಾಳೆ" ಅಂತಿದ್ರೆ ವಾಕ್ಯದಲ್ಲಿ ಎಲ್ಲೋ ಒಬ್ಬ ಹೆಂಗಸು ಇರಲೇಬೇಕು, ಕಾಣ್ತಿಲ್ಲ ಅಂದ್ರೆ ಯಾವುದೋ ಪದದೊಳಗೆ ಅವಿತಿದಾಳೆ ಅಂತ. ತಿದ್ದಿದ ಮೇಲೆ ಅಕ್ಕಪಕ್ಕದ ಪದಗಳೆಲ್ಲ ಕೆಲಸಕ್ಕೆ ಬರಬೇಕು, ಒಂದು ಪದ ಸುಮ್ಮನೆ ಉಳಿದ್ರೂ ನಿಮ್ಮ ತಿದ್ದುಪಡಿ ಅನುಮಾನವೇ.

ಬಾಯಲ್ಲಿ ಓದುವಾಗ ಯಾವ ಸದ್ದು ಯಾವುದಕ್ಕೆ ಬದಲಾಗುತ್ತೆ ಅಂತ ಗೊತ್ತಿದ್ರೆ ಬೇಗ ಸಿಗುತ್ತೆ. ಅ ಮತ್ತು ಹ ಒಂದು ಜೋಡಿ, ಹಳೇ ಮೈಸೂರು ಕಡೆ ಹಾಲನ್ನ ಆಲು ಅನ್ನೋರು ಎಷ್ಟು ಜನ ಇಲ್ಲ, ಹಂಗಾಗಿ ಹ ಬಿದ್ದುಹೋಗೋದೂ ಇದೆ, ಇಲ್ಲದ ಕಡೆ ಬಂದು ಸೇರೋದೂ ಇದೆ. ಲ ಮತ್ತು ಳ ಇನ್ನೊಂದು, "ಸಾರಿಗೆ ಹುಲಿ ಜಾಸ್ತಿ ಆಯ್ತು" ಅಂತ ಬಂದ್ರೆ ಹೆದರಬೇಡಿ. ನ ಮತ್ತು ಣ, ಸ ಮತ್ತು ಶ ಕೂಡ ಹಂಗೇ. ಸ್ವರದಲ್ಲಿ ಅ ಮತ್ತು ಎ ಜಾರುತ್ತೆ, ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಒಂದು ಸಲ "ಹೆಣ್ಣು ಕಟ್ ಮಾಡಿ ಫ್ರಿಜ್ಜಲ್ಲಿ ಇಟ್ಟಿದೀನಿ ಬಂದು ತಿನ್ನಿ" ಅಂತ ಬಂದಿತ್ತು, ಹಣ್ಣು ಅಂತ ಬಿಡಿಸಿ ಹೇಳೋ ಅಗತ್ಯ ಬೀಳಲಿಲ್ಲ ಬಿಡಿ. ಹ್ರಸ್ವ ದೀರ್ಘ, ಒತ್ತು ಇರೋದು ಇಲ್ಲದಿರೋದು, ಇವು ಎಲ್ಲಕ್ಕಿಂತ ಹೆಚ್ಚು.

ಈಗ "ಎರಡು ಕೆಜಿ ಬೆಲೆ" ಗೆ ಬನ್ನಿ. ಕೆಜಿ ಅಂತ ಇದೆ, ಹಂಗಾಗಿ ತೂಕ ಮಾಡೋ ವಸ್ತು. ಬೆಲೆ ಅನ್ನೋ ಸದ್ದಿನ ಹತ್ತಿರ ಬೇಳೆ ಇದೆ, ಬೆಲ್ಲ ಇದೆ, ಬಾಳೆನೂ ಬೇಕಾದ್ರೆ ಸೇರಿಸ್ಕೊಳ್ಳಿ. ಬೆಳೆ ಅಂತ ಅನ್ಸಿದ್ರೂ ಯಾರೂ ಎರಡು ಕೆಜಿ ಬೆಳೆ ಕಳಿಸ್ತೀನಿ ಅನ್ನಲ್ಲ. ಬೇಳೆನಾ ಬೆಲ್ಲಾನಾ? ಮೆಸೇಜ್ ಒಳಗೆ ಇದಕ್ಕೆ ಉತ್ತರ ಇಲ್ಲ, ಎಷ್ಟು ಸಲ ಓದಿದ್ರೂ ಸಿಗಲ್ಲ. ಇಂಥ ಕಡೆ ಜಾಣತನ ತೋರಿಸೋಕೆ ಹೋಗ್ಬೇಡಿ, ಇದು ಫೋನಿನ ತಪ್ಪು ಅಂತ ಮಾತ್ರ ಖಚಿತ, ಮೂಲ ಏನು ಅಂತ ಖಚಿತ ಇಲ್ಲ, ಇವೆರಡು ಬೇರೆ ಬೇರೆ ವಿಷಯ. ನನಗೆ ಯಾವುದಾದ್ರೂ ನಡೆಯುತ್ತೆ ಅಂತ ಸುಮ್ಮನಾದೆ. ಬಂದಿದ್ದು ಬೇಳೆ.

ಊರಿನ ಹೆಸರು, ಮನುಷ್ಯರ ಹೆಸರು

ಹೆಸರುಗಳಿಗೆ ಹೊಡೆತ ಜಾಸ್ತಿ. ಪುಟ್ಟ ಊರಿನ ಹೆಸರಿಗಿಂತ ದಿನಾ ಬಳಸೋ ಪದ ಸಾವಿರ ಪಟ್ಟು ಸಾಮಾನ್ಯ ಅಲ್ವಾ, ಆರಿಸೋ ಪ್ರಶ್ನೆ ಬಂದಾಗ ಸಾಮಾನ್ಯವಾದದ್ದೇ ಗೆಲ್ಲುತ್ತೆ. "ಬೇರೆ ಊರಲ್ಲಿ ಇಳಿತಾಳೆ" ಅನ್ನೋದು ಮೊದಲ ನೋಟಕ್ಕೆ ತಪ್ಪು ಅಂತಾನೇ ಅನ್ಸಲ್ಲ, ವ್ಯಾಕರಣ ಪೂರ್ತಿ ಸರಿ ಇದೆ. ಆದ್ರೆ ಕಾರ್ ತಗೊಂಡು ಹೋಗು ಅಂತ ಹೇಳ್ತಿರೋರು ಯಾವ ಊರು ಅಂತ ಹೇಳದೆ ಬೇರೆ ಊರು ಅಂತಾರಾ? ಮಾಹಿತಿ ಇರಬೇಕಾದ ಜಾಗದಲ್ಲಿ ಮಾಹಿತಿ ಇಲ್ಲ ಅಂದ್ರೆ ಅಲ್ಲೊಂದು ಹೆಸರು ಸತ್ತಿದೆ ಅಂತ ಅರ್ಥ.

ಆಮೇಲೆ ಊರಿನ ಲೆಕ್ಕಾಚಾರ. ದಾವಣಗೆರೆಯಿಂದ ಬೆಂಗಳೂರು ಕಡೆ ಹೋಗೋ ರೈಲಿಗೆ ಬೀರೂರು ಜಂಕ್ಷನ್ ಸಿಗುತ್ತೆ, ಶಿವಮೊಗ್ಗದ ಲೈನು ಅಲ್ಲಿಂದಲೇ ಕವಲಾಗೋದು, ತರೀಕೆರೆ ಇರೋದು ಆ ಕವಲಲ್ಲಿ. ಅಂದ್ರೆ ನಮ್ಮನೆಗೆ ಬರೋರು ಬೀರೂರಲ್ಲಿ ಇಳಿಯೋದು ಸಹಜ. ಬೀರೂರಲ್ಲಿ, ಬೇರೂರಲ್ಲಿ, ಬೇರೆ ಊರಲ್ಲಿ, ಸದ್ದೂ ಹೊಂದ್ತು ರೈಲೂ ಹೊಂದ್ತು. ಸದ್ದು ಒಂದೇ ಹೊಂದಿದ್ರೆ ಅದು ಊಹೆ. ಸದ್ದಿಗೆ ಸಂಬಂಧವೇ ಇಲ್ಲದ ಇನ್ನೊಂದು ವಿಷಯ, ರೈಲೋ ದಿನವೋ ಮನೆ ಪರಿಸ್ಥಿತಿಯೋ, ಅದೂ ಒಪ್ಪಿದ್ರೆ ಆಗ ನಂಬಬಹುದು. ಬೀರೂರಿನ ಪಕ್ಕದ ಕಡೂರಿಗೂ ಇದೇ ಗತಿ, ಕಡೆ ಊರು, ಕಾಡೂರು ಅಂತೆಲ್ಲ ಬರೋಕೆ ಸಾಧ್ಯ ಇದೆ. ಗುಬ್ಬಿ ಅನ್ನೋ ಊರಿನೋರ ಕಷ್ಟ ಬೇರೆ, ಅಲ್ಲಿ ಪದ ಸರಿಯಾಗೇ ಬಂದಿರುತ್ತೆ, ಓದೋರಿಗೆ ಹಕ್ಕಿ ಕಾಣುತ್ತೆ.

ವಿಚಿತ್ರವಾಗಿ ಕಂಡಿದ್ದೆಲ್ಲ ಫೋನಿನ ತಪ್ಪು ಅಂತ ತೀರ್ಮಾನ ಮಾಡೋದೂ ತಪ್ಪು. ಧಾರವಾಡ ಕಡೆಯೋರು "ಹುಡುಗ ಸಾಲಿಗೆ ಹೋಗ್ಯಾನ" ಅಂದ್ರೆ ಅದು ಸಾಲದ ವಿಷಯ ಅಲ್ಲ, ಶಾಲೆ ಅಂತಲೇ ಅವರ ಮಾತು. ಕಂಡುಹಿಡಿಯೋದು ಸುಲಭ, ಅದೇ ಚಾಟಲ್ಲಿ ಹಿಂದಕ್ಕೆ ಹೋಗಿ ಅದೇ ಪದ ಹುಡುಕಿ. ಆಡುಮಾತು ಆದ್ರೆ ಪ್ರತಿ ಸಲ ಹಂಗೇ ಇರುತ್ತೆ. ಫೋನಿನ ತಪ್ಪು ಆದ್ರೆ ಒಂದು ಸಲ ಅತ್ತಿಗೆ, ಒಂದು ಸಲ ಹತ್ತಿಗೆ, ಇನ್ನೊಂದು ಸಲ ಅತ್ತೆಗೆ ಅಂತ ವೇಷ ಬದಲಾಯಿಸ್ತಾ ಇರುತ್ತೆ.

ಸೇರಿಕೊಂಡಿದ್ದು, ಉದುರಿಹೋಗಿದ್ದು

"ಮೂರು ಕೂಗಿತು ಆಫ್ ಮಾಡು". ಇದನ್ನ ಎಷ್ಟು ತಿರುಗಿಸಿ ಓದಿದ್ರೂ ಬೇರೆ ಪದ ಸಿಗಲ್ಲ, ಯಾಕಂದ್ರೆ ಫೋನು ಇದನ್ನ ಸರಿಯಾಗೇ ಕೇಳಿಸ್ಕೊಂಡಿದೆ. ಅಡುಗೆ ಮನೇಲಿ ಕುಕ್ಕರ್ ಮೂರು ಸಲ ಕೂಗಿದೆ, ದೊಡ್ಡಮ್ಮ ಅಲ್ಲಿದ್ದೋರಿಗೆ ಆಫ್ ಮಾಡು ಅಂದಿದಾರೆ, ಮೈಕ್ ಆನ್ ಇತ್ತು, ಅದೂ ಬಂದುಬಿಟ್ಟಿದೆ. ಬಸ್ಸಲ್ಲಿ ಕೂತು ಮಾತಾಡಿದ್ರೆ ಕಂಡಕ್ಟರ್ ಟಿಕೆಟ್ ಟಿಕೆಟ್ ಅನ್ನೋದು, ಮನೇಲಾದ್ರೆ ಟಿವಿಯ ಡೈಲಾಗು ಇದೇ ಥರ ನುಸುಳುತ್ತೆ.

ಇದಕ್ಕೆ ಪರೀಕ್ಷೆ ಹೀಗೆ, ಆ ತುಂಡನ್ನ ಕಿತ್ತು ಹಾಕಿ, ಎರಡು ಕಡೆ ಉಳಿದಿದ್ದನ್ನ ಜೋಡಿಸಿ ಓದಿ. "ಬ್ಲೌಸ್ ಹೊಲಿಗೆ ನಾನೂರು ಆಯ್ತು, ದುಡ್ಡು ಇಷ್ಟು ಹೊತ್ತಿಗೆ ಕೊಟ್ರೆ ಸಾಕು" ಅಂತ ನೀಟಾಗಿ ಕೂಡಿಕೊಳ್ತು ನೋಡಿ, ಹಂಗಾದ್ರೆ ನಡುವಿನದು ಹೊರಗಿನ ಮಾತು. ಕೂಡದಿದ್ರೆ ಅದು ಕೆಟ್ಟುಹೋದ ಮೂಲ ಮಾತೇ, ಮತ್ತೆ ಸದ್ದಿನ ದಾರಿ ಹಿಡೀರಿ.

ಉದುರಿಹೋಗೋದು ಇದಕ್ಕಿಂತ ಕೆಟ್ಟದ್ದು. ಮೈಕ್ ಇನ್ನೂ ತಯಾರಾಗೋ ಮೊದಲೇ ಮಾತು ಶುರು ಮಾಡಿದ್ರೆ ಮೊದಲ ಪದ ಹೋಗುತ್ತೆ. ನಡುವೆ ಸ್ವಲ್ಪ ಯೋಚನೆ ಮಾಡ್ತಾ ನಿಂತ್ರೆ ಮಾತು ಮುಗೀತು ಅಂದ್ಕೊಂಡು ಅದು ನಿಲ್ಲಿಸಿಬಿಡುತ್ತೆ, ಕೊನೆಯ ಪದ ಹೋಗುತ್ತೆ. ಕನ್ನಡದಲ್ಲಿ ಕೊನೆಯ ಪದ ಹೋದ್ರೆ ಎಲ್ಲ ಹೋದಂಗೆ, ಮಾಡು ಬೇಡ ಅನ್ನೋದು ಅಲ್ಲೇ ಇರೋದು ನಮಗೆ. "ಮಾತ್ರೆ ಖಾಲಿ ಹೊಟ್ಟೆಲಿ ತಗೊಳ್ಳೋದು ಬೇಡ" ಅಂದಿದ್ದು "ಮಾತ್ರೆ ಖಾಲಿ ಹೊಟ್ಟೆಲಿ ತಗೊಳ್ಳೋದು" ಅಂತ ಬಂದ್ರೆ ಉಲ್ಟಾ ಅರ್ಥ, ಮತ್ತೆ ಓದೋಕೆ ಏನೂ ವಿಚಿತ್ರ ಅನ್ಸಲ್ಲ. ಹಂಗಾಗಿ "ಮಾಡೋದು", "ಹೋಗೋದು", "ಕೊಟ್ಟು", "ಬಂದು" ಅಂತ ಅರ್ಧಕ್ಕೆ ನಿಂತ ಮೆಸೇಜ್ ಕಂಡ್ರೆ ನೀವೇ ಪೂರ್ತಿ ಮಾಡ್ಕೊಬೇಡಿ, ಕೇಳಿ. ಔಷಧಿ ವಿಷಯ ಆದ್ರಂತೂ ಮೆಸೇಜ್ ಬಿಟ್ಟು ಫೋನೇ ಮಾಡಿ.

ವಿಚಿತ್ರವಾಗಿ ಕಾಣದ ತಪ್ಪುಗಳು

ಇಲ್ಲೀವರೆಗಿನದು ಪದಬಂಧ ಬಿಡಿಸಿದಂಗೆ, ಮಜಾ ಇರುತ್ತೆ. ನಿಜವಾದ ಅಪಾಯ ಇರೋದು ಇಲ್ಲಿ, ಯಾಕಂದ್ರೆ ಕಣ್ಣಿಗೆ ಏನೂ ಚುಚ್ಚಲ್ಲ.

ಒಂದು, ಅಂಕಿ. ಇಪ್ಪತ್ತು, ಎಪ್ಪತ್ತು. ಮೊದಲ ಸ್ವರ ಬಿಟ್ರೆ ಪೂರ್ತಿ ಒಂದೇ, ಆ ಸ್ವರಾನೂ ಇ ಮತ್ತು ಎ, ಅವಸರದಲ್ಲಿ ಹೇಳಿದ್ರೆ ಮನುಷ್ಯರಿಗೇ ಗೊತ್ತಾಗಲ್ಲ. ಇನ್ನೂರು, ಮುನ್ನೂರು. ಎಂಬತ್ತು, ತೊಂಬತ್ತು. ದೊಡ್ಡಮ್ಮನ ಮೆಸೇಜಲ್ಲಿ "ದುಡ್ಡು ಎಪ್ಪತ್ತಕ್ಕೆ ಕೊಟ್ರೆ ಸಾಕು" ಅಂತಿದೆ, ತಿಂಗಳಲ್ಲಿ 31ಕ್ಕಿಂತ ಹೆಚ್ಚು ತಾರೀಕಿಲ್ಲ, ಹಂಗಾಗಿ 20 ಅಂತ ಸಿಕ್ಕಿಬಿತ್ತು. ಅದು ತಾರೀಕು ಆಗಿದ್ದಕ್ಕೆ ನನ್ನ ಪುಣ್ಯ. ಅದೇ "ಎಪ್ಪತ್ತು ರೂಪಾಯಿ ಕೊಡು" ಅಂತಿದ್ದಿದ್ರೆ ಹಿಡಿಯೋಕೆ ದಾರಿಯೇ ಇರಲಿಲ್ಲ. ತಾರೀಕಿಗೆ 31, ಗಂಟೆಗೆ 12 ಅಂತ ಬೇಲಿ ಇದೆ, ದುಡ್ಡಿಗೆ ಬೇಲಿ ಇಲ್ಲ. ಅದಕ್ಕೇ ವಾಯ್ಸ್ ಟೈಪ್ ಮೆಸೇಜಲ್ಲಿ ಬಂದ ಮೊತ್ತಾನ ಕೇಳದೆ ಕಳಿಸಬಾರದು ಅಂತ ನಾನು ನಿಯಮ ಇಟ್ಕೊಂಡಿದೀನಿ. "ನಾನು ಊರು" ಅಂತ ಕೆಟ್ಟು ಬಂದ ನಾನೂರೇ ವಾಸಿ, ಕೆಟ್ಟಿದೆ ಅಂತಾದ್ರೂ ಗೊತ್ತಾಗುತ್ತೆ.

ಇನ್ನೊಂದು, ನನ್ನನ್ನ ಬೀಳಿಸಿದ್ದು, ಕೊನೆಯ ಎರಡು ಪದ. "ನಾನೂ ಬರಲ್ಲ". ನಾನು ಓದಿ "ಸರಿ ದೊಡ್ಡಮ್ಮ, ಪರವಾಗಿಲ್ಲ" ಅಂತ ಕಳಿಸಿದೆ. ಅವರು ಕೇಳಿದ್ದು "ನಾನೂ ಬರ್ಲಾ?" ಅಂತ! ನಾನೂ ಬರ್ಲಾ ಅಂತ ಆಸೆಯಿಂದ ಕೇಳಿದೋರಿಗೆ ಪರವಾಗಿಲ್ಲ ಅಂದ್ರೆ ಹೆಂಗಾಗಿರಬೇಡ. ಅವರ ಫೋನಲ್ಲಿ ಏನು ಬರೆದಿದೆ ಅಂತ ಅವರು ನೋಡೇ ಇಲ್ಲ, ನಾನು ಬೇಡ ಅಂದೆ ಅಂತಲೇ ತಿಳ್ಕೊಂಡು ಎರಡು ದಿನ ಫೋನ್ ಎತ್ತಲಿಲ್ಲ.

ಆಮೇಲೆ ಕೂತು ಯೋಚನೆ ಮಾಡಿದ್ರೆ ಸುಳಿವು ಇತ್ತು. "ನಾನೂ" ಅಂತ ದೀರ್ಘ ಇದೆ, ಅಂದ್ರೆ ಇನ್ನೊಬ್ಬರ ಜೊತೆ ಸೇರಿಸಿ ಹೇಳ್ತಿರೋದು. "ನಾನೂ ಬರಲ್ಲ" ಅನ್ನಬೇಕಾದ್ರೆ ಬೇರೆ ಯಾರೋ ಬರಲ್ಲ ಅಂತ ಮೊದಲೇ ಮಾತು ಬಂದಿರಬೇಕು. ಮೆಸೇಜಲ್ಲಿ ಬರದೇ ಇರೋರು ಯಾರೂ ಇಲ್ಲ, ಅತ್ತಿಗೆ ಬರ್ತಿದಾರೆ. ಬರೋರ ಜೊತೆ ಸೇರೋ "ನಾನೂ" ಅಂದ್ರೆ ಅದು ಬರ್ಲಾ ಅಂತಲೇ ಆಗಬೇಕು. ಇಷ್ಟು ಸಣ್ಣ ದೀರ್ಘದಲ್ಲಿ ಅಷ್ಟು ದೊಡ್ಡ ವಿಷಯ ಕೂತಿತ್ತು, ನಾನು ಅತ್ತಿಗೆ ಹತ್ತಿಗೆ ಅಂತ ನಗ್ತಾ ಕೂತಿದ್ದೆ.

ಕೊಡ್ಲಾ ಕೊಡಲ್ಲ, ಹೇಳ್ಲಾ ಹೇಳಲ್ಲ, ಮಾಡ್ಲಾ ಮಾಡಲ್ಲ, ಎಲ್ಲ ಇದೇ ಜಾತಿ. ಒಂದು ಸಮಾಧಾನ ಏನಂದ್ರೆ "ಲಾ" ಅಂತ ಕೇಳೋದು ನಾವು ನಮ್ಮ ಬಗ್ಗೆ ಮಾತ್ರ. "ಅವರು ಬರಲ್ಲ" ಅಂತಿದ್ರೆ ಅಲ್ಲಿ ಬರ್ಲಾ ಅವಿತಿರೋಕೆ ಸಾಧ್ಯ ಇಲ್ಲ, ಅವರು ಬರ್ಲಾ ಅಂತ ಯಾರೂ ಅನ್ನಲ್ಲ. ಹಂಗಾಗಿ "ನಾನು" ಇರೋ ಕಡೆ, ಅಥವಾ ಯಾರು ಅಂತ ಹೇಳದೆ ಬಿಟ್ಟಿರೋ ಕಡೆ "ಲ್ಲ" ಕಂಡ್ರೆ ಮಾತ್ರ ಅನುಮಾನ ಪಡಿ. ಬರ್ತಾಳೆ ಬರ್ತಾಳಾ ಅನ್ನೋದು ಎಲ್ಲರಿಗೂ ಅನ್ವಯ ಆಗುತ್ತೆ, ಕನ್ನಡದಲ್ಲಿ ಹೌದಾ ಅಲ್ವಾ ಅನ್ನೋ ಪ್ರಶ್ನೆ ಪೂರ್ತಿ ನಿಂತಿರೋದು ಕೊನೆಯ ಒಂದು "ಆ" ಮೇಲೆ, ಅದು ಜಾರಿದ್ರೆ ಪ್ರಶ್ನೆ ಸುದ್ದಿಯಾಗಿಬಿಡುತ್ತೆ. ನಿಮಗೆ ಗೊತ್ತಿರೋ ವಿಷಯಾನೇ ಯಾರಾದ್ರೂ ನಿಮಗೆ ಸುದ್ದಿ ಥರ ಹೇಳ್ತಿದ್ರೆ, ಉದಾಹರಣೆಗೆ ನಿಮ್ಮ ಮಗಳ ಬಗ್ಗೆ ನಿಮಗೇ "ಪಾಪು ಊಟ ಮಾಡಿದ್ಲು" ಅಂತ ಬಂದ್ರೆ, ಅದು ಪ್ರಶ್ನೆ ಆಗಿರುತ್ತೆ.

ಕೇಳೋದು ಹೇಗೆ

"ನೀವು ಹೇಳಿದ್ದು ಇದೇನಾ?" ಅಂತ ಕೇಳ್ಬೇಡಿ. ಅವರು ಏನು ಹೇಳಿದ್ರು ಅಂತ ಅವರಿಗೆ ಗೊತ್ತು, ಏನು ಬಂದಿದೆ ಅಂತ ಗೊತ್ತಿಲ್ಲ, ಹೂಂ ಅಂದುಬಿಡ್ತಾರೆ. ಅದೇ ಪದಾನ ವಾಪಸ್ ಹೇಳಬೇಡಿ, ಬೇರೆ ಮಾತಲ್ಲಿ ಹೇಳಿ. "ಎಪ್ಪತ್ತಾ ದೊಡ್ಡಮ್ಮ" ಅಂತ ಫೋನಲ್ಲಿ ಕೇಳಿದ್ರೆ ಅವರಿಗೆ ಇಪ್ಪತ್ತಾ ಅಂತ ಕೇಳಿಸಿ ಹೂಂ ಅನ್ನಬಹುದು. "20ನೇ ತಾರೀಕು, ಅಂದ್ರೆ ಈ ತಿಂಗಳ ಕೊನೆಗೆ ಹತ್ತು ದಿನ ಇರೋ ಹಾಗೆ ಅಲ್ವಾ" ಅಂತ ಅಂಕಿಯಲ್ಲಿ ಬರೆದು ಕಳಿಸಿ. "ಅತ್ತಿಗೇನ ಬೀರೂರ್ ಸ್ಟೇಷನ್ನಿಂದ ಕರ್ಕೊಂಡು ಬರ್ತೀನಿ, ನೀವು ಬರ್ತಿಲ್ಲ ಅಲ್ವಾ?" ಅಂತ ಒಂದು ಸಾಲು ಹಾಕಿದ್ದಿದ್ರೆ ನನ್ನ ರಂಪ ಅಲ್ಲೇ ಮುಗಿತಿತ್ತು. ಮತ್ತೆ ಆ ಉತ್ತರಾನ ನೀವು ಕೈಯಲ್ಲೇ ಟೈಪ್ ಮಾಡಿ, ಮೈಕಲ್ಲಿ ಕೇಳಿ ಇನ್ನೊಂದು ಸುತ್ತು ಶುರು ಮಾಡ್ಬೇಡಿ.

ದೊಡ್ಡಮ್ಮಂಗೆ ನಾನು ಆಮೇಲೆ ಕಲಿಸಿಕೊಟ್ಟಿದ್ದು ಮೂರೇ. ಮೈಕ್ ಒತ್ತಿ ಒಂದು ಕ್ಷಣ ತಡೆದು ಮಾತು ಶುರು ಮಾಡಿ. ದುಡ್ಡು ತಾರೀಕು ಬಂದಾಗ ಮೈಕ್ ಬಿಟ್ಟು ಅಂಕಿ ಒತ್ತಿ, ಅಂಕಿ ಒತ್ತೋಕೆ ಅವರಿಗೆ ಬರುತ್ತೆ, ಫೋನ್ ನಂಬರ್ ಒತ್ತಲ್ವಾ. ಮತ್ತೆ ಬರಲ್ಲ ಅನ್ನೋ ಬದಲು "ಬರೋದಿಲ್ಲ" ಅನ್ನಿ, ಬರ್ಲಾ ಅನ್ನೋ ಬದಲು "ಬರಬಹುದಾ" ಅನ್ನಿ, ಇವೆರಡನ್ನ ಯಾವ ಫೋನೂ ಒಂದಕ್ಕೊಂದು ಬೆರೆಸಲ್ಲ. ಮೊದಲೆರಡು ಪಾಲಿಸ್ತಿದಾರೆ. ಮೂರನೇದು "ಅಷ್ಟು ಗ್ರಂಥದ ಥರ ಮಾತಾಡೋಕೆ ನಂಗಾಗಲ್ಲ ಕಣೆ" ಅಂದ್ರು, ಹಂಗಾಗಿ ಈಗ ಅವರ ಮೆಸೇಜಲ್ಲಿ "ಲ್ಲ" ಕಂಡ ಕೂಡಲೇ ನಾನೇ ಫೋನ್ ಮಾಡ್ತೀನಿ.